ಕಾಫಿ ಕ್ಯೂರಿಂಗ್ ಘಟಕದ ಓವರ್‌ಹೆಡ್ ಹೀರಿಕೆ ದರ: ಮಾರ್ಚ್ 31ಕ್ಕೆ ಉಳಿಯುವ ವ್ಯತ್ಯಾಸವನ್ನು ಏನು ಮಾಡಬೇಕು?

ಆಗಸ್ಟ್ ತಿಂಗಳಲ್ಲಿ ಕುಶಾಲನಗರದ ಕಡೆಯ ಯಾವುದಾದರೂ ಕ್ಯೂರಿಂಗ್ ಘಟಕಕ್ಕೆ ಹೋಗಿ ನೋಡಿ. ಹೊರಗೆ ಮಳೆ, ಒಳಗೆ ಒಣ ಚೆರ್ರಿಯ ಸಿಪ್ಪೆ ಬಿಡಿಸುವ ಹಲ್ಲರ್ ನಿಂತಿರುತ್ತದೆ. ಆದರೆ ಸೂಪರ್‌ವೈಸರ್ ಸಂಬಳ ನಿಂತಿರುವುದಿಲ್ಲ. ಶೆಡ್ಡಿನ ವಿಮೆ, ಯಂತ್ರದ ಸವಕಳಿ, ಕರೆಂಟಿನ ತಿಂಗಳ ಸ್ಥಿರ ಶುಲ್ಕ, ಕಾವಲುಗಾರನ ಸಂಬಳ ಎಲ್ಲವೂ ನಡೆಯುತ್ತಲೇ ಇರುತ್ತವೆ. ಫೆಬ್ರವರಿಯಲ್ಲಿ ಅದೇ ಗೇಟಿನ ಮುಂದೆ ಚೆರ್ರಿ ತುಂಬಿದ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ.

ಈಗ ಪ್ರಶ್ನೆ ಇದು. ಆಗಸ್ಟ್‌ನ ಖರ್ಚು ಯಾವ ಮೂಟೆಯ ಖರ್ಚು? ಆಗಸ್ಟ್‌ನಲ್ಲಿ ಹಲ್ ಮಾಡಿದ ಹತ್ತಿಪ್ಪತ್ತು ಟನ್ನಿನ ಮೇಲೆ ಅದನ್ನೆಲ್ಲ ಹೇರಿದರೆ ಆ ಕಾಫಿ ಚಿನ್ನದ ಬೆಲೆಯದಾಗುತ್ತದೆ. ಹೇರದೇ ಬಿಟ್ಟರೆ ಫೆಬ್ರವರಿಯ ಕಾಫಿ ಸುಮ್ನೆ ಅಗ್ಗವಾಗಿ ಕಾಣುತ್ತದೆ. ಅದಕ್ಕೇ ವರ್ಷದ ಆರಂಭದಲ್ಲೇ ಒಂದು ದರ ಗೊತ್ತುಮಾಡಿ, ವರ್ಷಪೂರ್ತಿ ಅದೇ ದರದಲ್ಲಿ ಇಂಥ ಖರ್ಚನ್ನು, ಅಂದರೆ ಓವರ್‌ಹೆಡ್ಡನ್ನು, ಕೆಲಸದ ಮೇಲೆ ಹಾಕುತ್ತಾ ಹೋಗುತ್ತೇವೆ. ಇದೇ ಹೀರಿಕೆ ದರ. ಮುಂಚೆಯೇ ಅಂದಾಜು ಮಾಡಿದ ದರ ಆದ್ದರಿಂದ ವರ್ಷದ ಕೊನೆಗೆ ಅದು ನಿಜವಾದ ಖರ್ಚಿಗೆ ಸರಿಹೊಂದುವುದು ಅಪರೂಪ. ಖರ್ಚಿಗಿಂತ ಕಡಿಮೆ ಹಾಕಿದ್ದರೆ ಕಡಿಮೆ ಹೀರಿಕೆ, ಜಾಸ್ತಿ ಹಾಕಿದ್ದರೆ ಹೆಚ್ಚು ಹೀರಿಕೆ.

ದರ ಕಟ್ಟುವುದನ್ನು ಬಹಳ ಜನ ಸರಿಯಾಗಿಯೇ ಮಾಡುತ್ತಾರೆ. ಎಡವುವುದು ಮಾರ್ಚ್ 31ಕ್ಕೆ. ಹಾಗಾಗಿ ಅಲ್ಲಿ ಜಾಸ್ತಿ ಹೊತ್ತು ನಿಲ್ಲೋಣ. ಕೆಳಗಿನ ಘಟಕ ಲೆಕ್ಕಕ್ಕಾಗಿ ನಾನು ಕಟ್ಟಿಕೊಂಡದ್ದು. ಅನುಸರಿಸಲು ಸುಲಭ ಆಗಲಿ ಎಂದು ದುಂಡು ಅಂಕಿಗಳನ್ನು ಇಟ್ಟಿದ್ದೇನೆ.

ಮೊದಲ ಹೆಜ್ಜೆ: ಯಾವ ಖರ್ಚು ಒಳಗೆ, ಯಾವುದು ಹೊರಗೆ

ನಮ್ಮ ಘಟಕ ಎರಡು ಕೆಲಸ ಮಾಡುತ್ತದೆ. ತಾನೇ ರೊಬಸ್ಟಾ ಚೆರ್ರಿ ಖರೀದಿಸಿ, ಹಲ್ ಮಾಡಿ, ಗ್ರೇಡ್ ಮಾಡಿ ಮಾರುತ್ತದೆ. ಜೊತೆಗೆ ಬೆಳೆಗಾರರ ಕಾಫಿಯನ್ನು ಕೂಲಿಗೆ ಕ್ಯೂರ್ ಮಾಡಿಕೊಡುತ್ತದೆ. ನಾವು ಹಲ್ಲಿಂಗ್ ಮತ್ತು ಗ್ರೇಡಿಂಗ್ ವಿಭಾಗವನ್ನು ಮಾತ್ರ ತೆಗೆದುಕೊಳ್ಳೋಣ. ಕೈಯಿಂದ ಬೀಜ ಆರಿಸುವ ಗಾರ್ಬ್ಲಿಂಗ್ ವಿಭಾಗಕ್ಕೆ ಬೇರೆ ದರ ಇರಬೇಕು. ಅಲ್ಲಿ ಖರ್ಚು ಏರುವುದು ಜನರ ಕೆಲಸದ ಗಂಟೆಯಿಂದ, ಯಂತ್ರದಿಂದ ಅಲ್ಲ.

ಈ ವಿಭಾಗದ ಓವರ್‌ಹೆಡ್ ಎಂದರೆ ಸೂಪರ್‌ವೈಸರ್ ಮತ್ತು ಫಿಟ್ಟರ್ ಸಂಬಳ, ಯಂತ್ರದ ಸವಕಳಿ, ಶೆಡ್ಡಿನ ವಿಮೆ ಮತ್ತು ದುರಸ್ತಿ, ಕರೆಂಟು, ಡೀಸೆಲ್, ಬಿಡಿಭಾಗ, ಗ್ರೀಸು. ಚೆರ್ರಿಯ ಬೆಲೆ ಇಲ್ಲಿ ಬರುವುದಿಲ್ಲ, ಅದು ನೇರ ಸಾಮಗ್ರಿ. ಚೆರ್ರಿ ಕೊಳ್ಳಲು ಬ್ಯಾಂಕಿನಿಂದ ತಂದ ಸಾಲದ ಬಡ್ಡಿಯೂ ಬರುವುದಿಲ್ಲ. ಮಾರಾಟದ ಲಾರಿ ಬಾಡಿಗೆ, ಆಫೀಸಿನ ಫೋನ್ ಬಿಲ್ಲು ಕೂಡ ಹೊರಗೆ. ಬಡ್ಡಿಯನ್ನು ಒಳಗೆ ತುರುಕುವುದನ್ನು ನಾನು ಹಲವು ಕಡೆ ನೋಡಿದ್ದೇನೆ. ಹಾಗೆ ಮಾಡಿದರೆ ಗೋಡೌನಿನ ಸ್ಟಾಕಿನ ಬೆಲೆ ಸುಳ್ಳಾಗಿ ಉಬ್ಬುತ್ತದೆ.

ಉಳಿದದ್ದನ್ನು ಎರಡು ಭಾಗ ಮಾಡಿ. ಯಂತ್ರ ಓಡಲಿ ಬಿಡಲಿ ಬರುವುದು ಸ್ಥಿರ ಖರ್ಚು. ಓಡಿದಷ್ಟೂ ಏರುವುದು ಬದಲಾಗುವ ಖರ್ಚು. ಕರೆಂಟ್ ಬಿಲ್ಲಿನಲ್ಲಿ ಎರಡೂ ಇರುತ್ತವೆ. ಸ್ಥಿರ ಶುಲ್ಕವನ್ನು ಒಂದು ಕಡೆ, ಯೂನಿಟ್ ಲೆಕ್ಕದ್ದನ್ನು ಇನ್ನೊಂದು ಕಡೆ ಬರೆಯಿರಿ. ಈ ವಿಂಗಡಣೆಯನ್ನು ಏಪ್ರಿಲ್‌ನಲ್ಲೇ ಮಾಡಿಡಿ. ಮಾಡದೇ ಇದ್ದರೆ ಮಾರ್ಚ್‌ನಲ್ಲಿ ವ್ಯತ್ಯಾಸ ಎಲ್ಲಿಂದ ಬಂತು ಎಂದು ಹೇಳಲು ಆಗುವುದೇ ಇಲ್ಲ.

ನಮ್ಮ ಬಜೆಟ್ಟಿನಲ್ಲಿ ಸ್ಥಿರ ಖರ್ಚು ₹24,00,000, ಬದಲಾಗುವ ಖರ್ಚು ₹12,00,000. ಒಟ್ಟು ₹36,00,000.

ಎರಡನೇ ಹೆಜ್ಜೆ: ಭಾಗಿಸುವ ಅಂಕಿ

ಟನ್ನಿಗೆ ಇಷ್ಟು ಎಂದು ದರ ಹಾಕಿದರೆ ಸುಲಭ ಅಲ್ವಾ? ಸುಲಭವೇನೋ ಹೌದು. ಆದರೆ ಎಲ್ಲ ಚೆರ್ರಿಯೂ ಒಂದೇ ವೇಗದಲ್ಲಿ ಓಡುವುದಿಲ್ಲ. ಕಣದಲ್ಲಿ ಚೆನ್ನಾಗಿ ಒಣಗಿದ ಚೆರ್ರಿ ಗಂಟೆಗೆ 2 ಟನ್ ಓಡಿತು ಎಂದುಕೊಳ್ಳಿ. ಅಕಾಲ ಮಳೆಗೆ ಸಿಕ್ಕಿ ಅರೆಬರೆ ಒಣಗಿದ್ದು ಒಂದೂವರೆ ಟನ್ ಓಡಬಹುದು. ಎರಡಕ್ಕೂ ಟನ್ನಿಗೆ ಒಂದೇ ಓವರ್‌ಹೆಡ್ ಹಾಕಿದರೆ ಒಣ ಚೆರ್ರಿಯವರು ಹಸಿ ಚೆರ್ರಿಯವರ ಖರ್ಚನ್ನು ಹೊತ್ತ ಹಾಗೆ. ಅದಕ್ಕೇ ಇಲ್ಲಿ ಯಂತ್ರದ ಗಂಟೆಯೇ ಸರಿಯಾದ ಆಧಾರ.

ವರ್ಷಕ್ಕೆ ಎಷ್ಟು ಗಂಟೆ? ಎರಡು ಶಿಫ್ಟಿನಂತೆ ವರ್ಷವೆಲ್ಲ ಓಡಿಸಿದರೆ 4,800 ಗಂಟೆ ಸಾಧ್ಯ ಎಂದು ಯಂತ್ರ ಮಾರುವವರು ಹೇಳಬಹುದು. ಅದನ್ನು ನಂಬಿ ಭಾಗಿಸಿದರೆ ಗಂಟೆಗೆ ಸ್ಥಿರ ಖರ್ಚು ₹500 ಬರುತ್ತದೆ. ನೋಡಲು ಚಂದ. ಆದರೆ ಕೊಡಗಿನಲ್ಲಿ ಅಷ್ಟು ಚೆರ್ರಿ ವರ್ಷವಿಡೀ ಬರುವುದಿಲ್ಲ. ಪ್ರತಿ ವರ್ಷವೂ ಕಡಿಮೆ ಹೀರಿಕೆ ಬರುತ್ತದೆ, ಕ್ಯೂರಿಂಗ್ ಕೂಲಿಯನ್ನೂ ಕಡಿಮೆಗೆ ಒಪ್ಪಿಕೊಂಡಿರುತ್ತೀರಿ. ಹೋದ ವರ್ಷ ಎಷ್ಟು ಓಡಿತೋ ಅಷ್ಟನ್ನೇ ಹಾಕುವುದೂ ತಪ್ಪು. ಅದು ಕೆಟ್ಟ ವರ್ಷ ಆಗಿದ್ದರೆ ದರ ಸುಮ್ನೆ ಏರುತ್ತದೆ.

ಸರಿಯಾದದ್ದು ಸಾಮಾನ್ಯ ಸಾಮರ್ಥ್ಯ. ಅಂದರೆ ಸಾಮಾನ್ಯ ಪರಿಸ್ಥಿತಿಯ ಕೆಲವು ವರ್ಷಗಳಲ್ಲಿ, ಮಾಮೂಲಿ ನಿರ್ವಹಣೆಗೆ ನಿಲ್ಲಿಸುವ ಸಮಯ ಕಳೆದು, ಸರಾಸರಿ ಎಷ್ಟು ಗಂಟೆ ಓಡುತ್ತದೋ ಅಷ್ಟು. ನಮ್ಮ ಘಟಕದ ಐದು ವರ್ಷದ ಗಂಟೆಗಳು 2,500, 2,350, 2,450, 2,300 ಮತ್ತು 2,400. ಸರಾಸರಿ 2,400. 2018ರ ಆಗಸ್ಟ್‌ನಲ್ಲಿ ಭೂಕುಸಿತ, ಪ್ರವಾಹ ಬಂದಂಥ ವರ್ಷ ಮಧ್ಯೆ ಸಿಕ್ಕರೆ ಅದನ್ನು ಬಿಟ್ಟು ಇನ್ನೊಂದು ವರ್ಷ ಹಿಂದಕ್ಕೆ ಹೋಗಿ.

ಹೀರಿಕೆ ದರ = ₹36,00,000 ÷ 2,400 ಗಂಟೆ = ಗಂಟೆಗೆ ₹1,500. ಇದರಲ್ಲಿ ₹1,000 ಸ್ಥಿರ, ₹500 ಬದಲಾಗುವುದು. ಈ ಎರಡು ತುಂಡುಗಳನ್ನು ನೆನಪಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೇ ನಿಂತಿದೆ.

ಮೂರನೇ ಹೆಜ್ಜೆ: ವರ್ಷದ ನಡುವೆ ಗಾಬರಿಯಾಗದೆ ನೋಡುವುದು

ಕಾಫಿ ವರ್ಷ ಅಕ್ಟೋಬರ್‌ಗೆ ಶುರು, ನಮ್ಮ ಲೆಕ್ಕದ ವರ್ಷ ಏಪ್ರಿಲ್‌ಗೆ. ಹಾಗಾಗಿ ಒಂದೇ ಲೆಕ್ಕದ ವರ್ಷದಲ್ಲಿ ಹಳೆ ಫಸಲಿನ ಬಾಲ ಮತ್ತು ಹೊಸ ಫಸಲಿನ ತಲೆ ಎರಡೂ ಇರುತ್ತವೆ. ನಮ್ಮ ಬಜೆಟ್ಟಿನಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ 900 ಗಂಟೆ, ಜುಲೈಯಿಂದ ನವೆಂಬರ್‌ವರೆಗೆ ಬರೀ 300, ಹುತ್ತರಿಯ ಆಸುಪಾಸಿನಿಂದ ಮಾರ್ಚ್‌ವರೆಗೆ 1,200.

ಸ್ಥಿರ ಖರ್ಚು ತಿಂಗಳಿಗೆ ₹2 ಲಕ್ಷ. ನವೆಂಬರ್ ಕೊನೆಗೆ ಎಂಟು ತಿಂಗಳಲ್ಲಿ ₹16 ಲಕ್ಷ ಆಗಿರುತ್ತದೆ. ಆದರೆ 1,200 ಗಂಟೆಯ ಮೇಲೆ ಹೀರಿಕೊಂಡದ್ದು ₹12 ಲಕ್ಷ. ಎಲ್ಲವೂ ಯೋಜನೆಯಂತೆ ನಡೆದರೂ ನವೆಂಬರ್ ಕೊನೆಗೆ ₹4 ಲಕ್ಷ ಕಡಿಮೆ ಹೀರಿಕೆ ಕಾಣಲೇಬೇಕು. ಇದನ್ನು ನೋಡಿ ದರ ಏರಿಸಬೇಡಿ. ಮಾರ್ಚ್‌ವರೆಗಿನ ಓಟ ಅದನ್ನು ತುಂಬುತ್ತದೆ. ಆದರೆ ನವೆಂಬರ್‌ನಲ್ಲಿ ₹4 ಲಕ್ಷದ ಬದಲು ₹6 ಲಕ್ಷ ಕಂಡರೆ ಆಗ ಎಚ್ಚರ ಆಗಬೇಕು.

ಇನ್ನೊಂದು ಮಾತು. ಈ ಇಡೀ ಲೆಕ್ಕ ನಿಂತಿರುವುದು ಯಂತ್ರದ ಲಾಗ್‌ಬುಕ್ಕಿನ ಮೇಲೆ. ರಾತ್ರಿ ಶಿಫ್ಟಿನವರು ಗಂಟೆ ಬರೆಯಲು ಮರೆತರೆ ಇಲ್ಲದ ಕಡಿಮೆ ಹೀರಿಕೆ ಹುಟ್ಟುತ್ತದೆ. ಕಂಡುಹಿಡಿಯಲು ನಾನು ಮಾಡುವುದು ಇಷ್ಟೇ. ಪ್ರತಿ ತಿಂಗಳ ಕರೆಂಟ್ ಯೂನಿಟ್ಟುಗಳನ್ನು ಲಾಗ್‌ಬುಕ್ಕಿನ ಗಂಟೆಯಿಂದ ಭಾಗಿಸುತ್ತೇನೆ. ಗಂಟೆಗೆ ಯೂನಿಟ್ ಸುಮಾರಾಗಿ ಒಂದೇ ಥರ ಇರಬೇಕು. ಯಾವುದೋ ತಿಂಗಳು ದಿಢೀರ್ ಏರಿದ್ದರೆ ಗಂಟೆ ಬರೆದಿಲ್ಲ ಎಂದೇ ಮೊದಲು ಅನುಮಾನಪಡಿ. ಜನರೇಟರ್ ಓಡಿದ ಗಂಟೆಗಳನ್ನು ಈ ಲೆಕ್ಕದಿಂದ ತೆಗೆದಿಡಬೇಕು, ಇಲ್ಲದಿದ್ದರೆ ಯೂನಿಟ್ ಕಡಿಮೆ ಕಂಡು ದಾರಿ ತಪ್ಪುತ್ತೀರಿ.

ನಾಲ್ಕನೇ ಹೆಜ್ಜೆ: ಮಾರ್ಚ್ 31ರ ಲೆಕ್ಕ

ನಮ್ಮ ಘಟಕದಲ್ಲಿ ಆ ವರ್ಷ ನಿಜವಾಗಿ ಆದದ್ದು ಹೀಗೆ. ಯಂತ್ರ ಓಡಿದ್ದು 2,000 ಗಂಟೆ. ಸ್ಥಿರ ಖರ್ಚು ಬಜೆಟ್ಟಿನಂತೆಯೇ ₹24,00,000. ಬದಲಾಗುವ ಖರ್ಚು ₹11,00,000. ಒಟ್ಟು ₹35,00,000.

ಹೀರಿಕೊಂಡದ್ದು 2,000 × ₹1,500 = ₹30,00,000.
ಕಡಿಮೆ ಹೀರಿಕೆ ₹5,00,000.

ಯಜಮಾನರು ಇದನ್ನು ನೋಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: "ಹಾಗಾದ್ರೆ ಈ ವರ್ಷ ಐದು ಲಕ್ಷ ನಷ್ಟನಾ?" ಅದಕ್ಕೆ ಉತ್ತರ, "ಅಲ್ಲ ಸರ್, ₹35 ಲಕ್ಷ ಖರ್ಚು ಆಗಿಹೋಗಿದೆ, ಅದರಲ್ಲಿ ₹30 ಲಕ್ಷಕ್ಕೆ ಮಾತ್ರ ಕೆಲಸದ ಮೇಲೆ ಜಾಗ ಸಿಕ್ಕಿದೆ." ಉಳಿದ ₹5 ಲಕ್ಷ ಎಲ್ಲಿಗೆ ಹೋಗಬೇಕು ಎನ್ನುವುದಷ್ಟೇ ಪ್ರಶ್ನೆ. ಅದು ಈ ವರ್ಷದ ಲಾಭದಿಂದ ಕಳೆಯಬೇಕೋ, ಗೋಡೌನಿನ ಕಾಫಿಯ ಬೆಲೆಯಲ್ಲಿ ಕೂರಬೇಕೋ?

ಅದನ್ನು ಹೇಳಬೇಕಾದರೆ ಮೊದಲು ಕಾರಣ ಒಡೆದು ನೋಡಬೇಕು.

2,400 ಗಂಟೆಯ ಬದಲು 2,000 ಓಡಿತು. ಓಡದ 400 ಗಂಟೆಯ ಸ್ಥಿರ ಖರ್ಚಿಗೆ ಹೊರುವವರಿಲ್ಲ. 400 × ₹1,000 = ₹4,00,000. ಇದು ಗಂಟೆ ಕಡಿಮೆಯಾದದ್ದರಿಂದ ಬಂದದ್ದು.

2,000 ಗಂಟೆಗೆ ಬದಲಾಗುವ ಖರ್ಚು ₹10,00,000 ಆಗಬೇಕಿತ್ತು, ₹11,00,000 ಆಯಿತು. ಹೆಚ್ಚಾದ ₹1,00,000 ಖರ್ಚು ಏರಿದ್ದರಿಂದ ಬಂದದ್ದು. ಎರಡೂ ಸೇರಿ ಸರಿಯಾಗಿ ₹5,00,000.

ಇಲ್ಲಿಗೆ ನಿಲ್ಲಬೇಡಿ, ಲಾಗ್‌ಬುಕ್ಕಿಗೆ ಹೋಗಿ. 400 ಗಂಟೆಯಲ್ಲಿ 150 ಗಂಟೆ ಹೋದದ್ದು ಫೆಬ್ರವರಿಯಲ್ಲಿ ಗೇರ್‌ಬಾಕ್ಸ್ ಒಡೆದು 15 ದಿನ ನಿಂತಾಗ. ಸೀಸನ್ನಿನಲ್ಲಿ ದಿನಕ್ಕೆ 10 ಗಂಟೆ ಓಡುತ್ತಿತ್ತು. ಉಳಿದ 250 ಗಂಟೆಗೆ ಕಾರಣ, ಬೆಳೆಗಾರರು ಬೆಲೆ ಏರಬಹುದೆಂದು ಚೆರ್ರಿಯನ್ನು ಮನೆಯಲ್ಲೇ ಇಟ್ಟುಕೊಂಡದ್ದು. ಇನ್ನು ₹1 ಲಕ್ಷ ಹೆಚ್ಚಾದದ್ದು ಡೀಸೆಲ್‌ಗೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಗುತ್ತಲೇ ಇತ್ತು, ಜನರೇಟರ್ ಓಡಿತು.

ಐದನೇ ಹೆಜ್ಜೆ: ಯಾವುದು ಎಲ್ಲಿಗೆ

ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಸ್ಟಾಕ್ ಮೌಲ್ಯಮಾಪನದ ಮಾನದಂಡ ಎಎಸ್ 2 ಇಲ್ಲಿ ಸ್ಪಷ್ಟವಾಗಿದೆ. ಸ್ಥಿರ ಉತ್ಪಾದನಾ ಓವರ್‌ಹೆಡ್ಡನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಬೇಕು. ಉತ್ಪಾದನೆ ಕಡಿಮೆಯಾಯಿತು, ಯಂತ್ರ ಖಾಲಿ ನಿಂತಿತು ಎಂಬ ಕಾರಣಕ್ಕೆ ತಯಾರಾದ ಒಂದೊಂದು ಯೂನಿಟ್ ಮಾಲಿನ ಮೇಲೆ ಬೀಳುವ ಸ್ಥಿರ ಖರ್ಚನ್ನು ಏರಿಸುವಂತಿಲ್ಲ. ಹಂಚಿಕೆಯಾಗದೆ ಉಳಿದದ್ದು ಅದೇ ವರ್ಷದ ಖರ್ಚು. ಬದಲಾಗುವ ಓವರ್‌ಹೆಡ್ಡನ್ನು ಮಾತ್ರ ನಿಜವಾದ ಬಳಕೆಯ ಮೇಲೆ ಹಂಚಬೇಕು. ಆದಾಯ ತೆರಿಗೆಗೆ ಇರುವ ಐಸಿಡಿಎಸ್ 2 ಕೂಡ ಸಾಮಾನ್ಯ ಸಾಮರ್ಥ್ಯವನ್ನೇ ಹಿಡಿದಿದೆ.

ಹಾಗಾಗಿ ₹4,00,000 ಪೂರ್ತಿ ಲಾಭ ನಷ್ಟ ಖಾತೆಗೆ. ಗೇರ್‌ಬಾಕ್ಸ್ ಒಡೆದದ್ದಕ್ಕೂ ಚೆರ್ರಿ ಬಾರದ್ದಕ್ಕೂ ಇಲ್ಲಿ ವ್ಯತ್ಯಾಸ ಇಲ್ಲ, ಎರಡೂ ಓಡದ ಗಂಟೆಗಳೇ. ಆದರೂ ₹1,50,000 ಮತ್ತು ₹2,50,000 ಎಂದು ಬೇರೆ ಬೇರೆ ತೋರಿಸಿ. ಮೊದಲನೆಯದು ನಿರ್ವಹಣೆಯ ಪ್ರಶ್ನೆ, ಫಿಟ್ಟರ್ ಜೊತೆ ಮಾತಾಡಬೇಕಾದದ್ದು. ಎರಡನೆಯದು ಯಾರ ಕೈಯಲ್ಲೂ ಇರಲಿಲ್ಲ.

ಆ ಚೆರ್ರಿ ಏಪ್ರಿಲ್‌ನಲ್ಲಿ ಹೇಗೂ ಬರುತ್ತದಲ್ಲ, ₹2,50,000ವನ್ನು ಮುಂದಿನ ವರ್ಷಕ್ಕೆ ಒಯ್ಯೋಣ ಎಂದು ಅನಿಸುತ್ತದೆ. ವರ್ಷದ ನಡುವೆ, ನವೆಂಬರ್‌ನ ಆಂತರಿಕ ವರದಿಯಲ್ಲಿ, ಹಾಗೆ ಮುಂದಕ್ಕೆ ಒಯ್ಯಬಹುದು. ಮಾರ್ಚ್ 31ಕ್ಕೆ ಆಗುವುದಿಲ್ಲ. ಮುಗಿದ ವರ್ಷದ ಸಂಬಳ, ವಿಮೆ ಮುಂದಿನ ವರ್ಷದ ಆಸ್ತಿ ಆಗಲಾರದು.

ಈಗ ಡೀಸೆಲ್‌ನ ₹1,00,000. ಕೊಡಗಿನಲ್ಲಿ ಮಳೆಗಾಲದ ಮುಂಚಿನ ಗಾಳಿಗೆ ಕರೆಂಟ್ ಹೋಗುವುದು ಅಸಾಧಾರಣ ಘಟನೆ ಅಲ್ಲ. ನನ್ನ ಪ್ರಕಾರ ಇದು ಬಜೆಟ್ಟಿನಲ್ಲೇ ಇರಬೇಕಿತ್ತು. ಇದು ಕ್ಯೂರಿಂಗ್‌ನ ನಿಜವಾದ ಖರ್ಚು, ಕೆಲಸದ ಮೇಲೆ ಹೋಗಬೇಕು. ಅದಕ್ಕೆ ಪೂರಕ ದರ ಮಾಡುತ್ತೇವೆ.

ಪೂರಕ ದರ = ₹1,00,000 ÷ 2,000 = ಗಂಟೆಗೆ ₹50.

2,000 ಗಂಟೆ ಯಾವ ಕೆಲಸಕ್ಕೆ ಹೋಯಿತು ನೋಡಿ:

| ಕೆಲಸ | ಗಂಟೆ | ₹50ರಂತೆ |
|---|---|---|
| ಬೆಳೆಗಾರರ ಕೂಲಿ ಕ್ಯೂರಿಂಗ್ | 800 | ₹40,000 |
| ಸ್ವಂತ ಕಾಫಿ, ಮಾರಾಟವಾದದ್ದು | 700 | ₹35,000 |
| ಸ್ವಂತ ಕಾಫಿ, ಗೋಡೌನಿನಲ್ಲಿ ಉಳಿದದ್ದು | 500 | ₹25,000 |

ಮೊದಲ ಎರಡು ಸಾಲಿನ ₹75,000 ಈ ವರ್ಷದ ಖರ್ಚು. ಕೊನೆಯ ₹25,000 ಸ್ಟಾಕಿನ ಬೆಲೆಗೆ ಸೇರುತ್ತದೆ. ಸ್ಟಾಕಿನಲ್ಲಿರುವ ಕಾಫಿಗೆ ಈ ವಿಭಾಗದ ಓವರ್‌ಹೆಡ್ ಗಂಟೆಗೆ ₹1,550ರಂತೆ ₹7,75,000. ಚೆರ್ರಿಯ ಬೆಲೆ, ಗಾರ್ಬ್ಲಿಂಗ್ ಎಲ್ಲ ಇದರ ಮೇಲೆ ಬೇರೆ.

ಬೆಳೆಗಾರರ ಕ್ಯೂರ್ ಆದ ಕಾಫಿ ಇನ್ನೂ ನಿಮ್ಮ ಗೋಡೌನಿನಲ್ಲೇ ಇದ್ದರೂ ಅದು ನಿಮ್ಮ ಸ್ಟಾಕ್ ಅಲ್ಲ. ಕೆಲಸ ಮುಗಿಸಿ ಬಿಲ್ ಮಾಡಿದ್ದರೆ ಅದರ ಓವರ್‌ಹೆಡ್ ಈ ವರ್ಷದ ಖರ್ಚೇ. ಮಾರ್ಚ್ ಕೊನೆಯಲ್ಲಿ ಮೂಟೆ ಎಣಿಸುವಾಗ ಇದು ಸುಲಭವಾಗಿ ಬೆರೆತುಹೋಗುತ್ತದೆ.

ತಪ್ಪು ದಾರಿ ಎಷ್ಟು ದುಬಾರಿ

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಘಟಕದಲ್ಲಿ ಕಾರಣ ಒಡೆಯದೆ ಪೂರ್ತಿ ಕಡಿಮೆ ಹೀರಿಕೆಯನ್ನು ಎಲ್ಲ ಗಂಟೆಗಳ ಮೇಲೂ ಹರಡಿದ್ದೆ. ಆಡಿಟರ್ ಬಂದು ಸ್ಟಾಕ್ ಪಟ್ಟಿ ವಾಪಸ್ ಕೊಟ್ಟರು. ನಮ್ಮ ಈ ಲೆಕ್ಕದಲ್ಲಿ ಅದೇ ತಪ್ಪು ಮಾಡಿದರೆ ₹5,00,000 ÷ 2,000 = ಗಂಟೆಗೆ ₹250. ಸ್ಟಾಕಿನ 500 ಗಂಟೆಗೆ ₹1,25,000 ಸೇರುತ್ತದೆ. ಸೇರಬೇಕಾದದ್ದು ₹25,000. ಅಂದರೆ ಸ್ಟಾಕು ಮತ್ತು ಲಾಭ ಎರಡೂ ₹1,00,000 ಜಾಸ್ತಿ ಕಾಣುತ್ತವೆ. ಯಂತ್ರ ಖಾಲಿ ನಿಂತ ಖರ್ಚು ಗೋಡೌನಿನಲ್ಲಿ ಕಾಫಿಯ ವೇಷ ಹಾಕಿಕೊಂಡು ಕೂರುತ್ತದೆ. ಆ ಕಾಫಿ ಮುಂದಿನ ವರ್ಷ ಮಾರಾಟವಾದಾಗ ಲಾಭ ಅಷ್ಟೇ ಕುಸಿಯುತ್ತದೆ, ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ.

ಪುಸ್ತಕದಲ್ಲಿ ಬರೆಯುವುದು ಹೇಗೆ? ಓವರ್‌ಹೆಡ್ ಕಂಟ್ರೋಲ್ ಖಾತೆ ಇಟ್ಟಿದ್ದರೆ ಡೆಬಿಟ್ ಕಡೆ ನಿಜವಾದ ₹35,00,000, ಕ್ರೆಡಿಟ್ ಕಡೆ ಹೀರಿಕೊಂಡ ₹30,00,000 ಇರುತ್ತದೆ. ಉಳಿದ ₹5,00,000 ಡೆಬಿಟ್ ಬಾಕಿಯನ್ನು ಹೀಗೆ ಮುಚ್ಚಿ: ಲಾಭ ನಷ್ಟ ಖಾತೆಗೆ ₹4,00,000, ಮಾರಾಟ ಮತ್ತು ಸೇವೆಯ ವೆಚ್ಚಕ್ಕೆ ₹75,000, ಸ್ಟಾಕಿಗೆ ₹25,000. ನಮ್ಮ ಕಡೆಯ ಹೆಚ್ಚಿನ ಸಣ್ಣ ಘಟಕಗಳಲ್ಲಿ ಇಂಥ ಖಾತೆ ಇರುವುದಿಲ್ಲ. ಟ್ಯಾಲಿಯಲ್ಲಿ ಸಂಬಳ, ಡೀಸೆಲ್ ಎಲ್ಲ ನೇರ ಖರ್ಚಿಗೇ ಹೋಗಿರುತ್ತದೆ. ಆಗ ಬೇರೆ ಜರ್ನಲ್ ಬೇಡ. ಕೊನೆಯ ಸ್ಟಾಕಿಗೆ ಗಂಟೆಗೆ ₹1,550ರಂತೆ ಬೆಲೆ ಕಟ್ಟಿದರೆ ಉಳಿದದ್ದು ತಾನಾಗಿ ಈ ವರ್ಷದ ಖರ್ಚಾಗಿ ನಿಲ್ಲುತ್ತದೆ. ಲೆಕ್ಕದ ಹಾಳೆಯನ್ನು ಮಾತ್ರ ಆಡಿಟರ್‌ಗಾಗಿ ಜೋಪಾನವಾಗಿಡಿ.

ಹೆಚ್ಚು ಹೀರಿಕೆ ಬಂದರೆ

ಮುಂದಿನ ವರ್ಷ ಹಿಡಿದಿಟ್ಟ ಚೆರ್ರಿಯೂ ಬಂತು, ಹೊಸ ಫಸಲೂ ಚೆನ್ನಾಗಿತ್ತು. ಈ ಉದಾಹರಣೆಗೆ ಹಳೆಯ ₹1,500 ದರವನ್ನೇ ಇಟ್ಟುಕೊಳ್ಳೋಣ, ಬದಲಾಗುವ ಖರ್ಚೂ ಗಂಟೆಗೆ ₹500ರಲ್ಲೇ ನಿಂತಿತು ಎನ್ನೋಣ. ಯಂತ್ರ 2,700 ಗಂಟೆ ಓಡಿತು. ಹೀರಿಕೊಂಡದ್ದು ₹40,50,000. ನಿಜವಾದ ಖರ್ಚು ಸ್ಥಿರ ₹24,00,000, ಬದಲಾಗುವುದು ₹13,50,000, ಒಟ್ಟು ₹37,50,000. ಹೆಚ್ಚು ಹೀರಿಕೆ ₹3,00,000.

ಇದನ್ನು ಕಂಡು ಖುಷಿಪಡುವ ಮುಂಚೆ ಬಾಕಿ ಬಿಲ್ಲುಗಳನ್ನು ಹುಡುಕಿ. ಮಾರ್ಚ್‌ನ ಕರೆಂಟ್ ಬಿಲ್ಲು ಏಪ್ರಿಲ್‌ನಲ್ಲಿ ಬರುತ್ತದೆ. ಅದನ್ನು ಸೇರಿಸದಿದ್ದರೆ ಸುಳ್ಳು ಹೆಚ್ಚು ಹೀರಿಕೆ ಕಾಣುತ್ತದೆ. ಸೀಸನ್ನಿನ ನಡುವೆಯೇ ವರ್ಷ ಮುಗಿಯುವುದರಿಂದ ನಮಗೆ ಅದು ದೊಡ್ಡ ಬಿಲ್ಲು. ಇದಕ್ಕೆ ಉಲ್ಟಾ, ಹೊಸ ಮೋಟಾರ್ ಕೊಂಡದ್ದನ್ನು ಆಸ್ತಿಗೆ ಹಾಕದೆ ದುರಸ್ತಿಗೆ ಬರೆದಿದ್ದರೆ ಸುಳ್ಳು ಕಡಿಮೆ ಹೀರಿಕೆ ಬರುತ್ತದೆ.

ಲೆಕ್ಕ ನಿಜವೇ ಆಗಿದ್ದರೆ, ₹3,00,000 ಇಡಿಯಾಗಿ ಲಾಭಕ್ಕೆ ಹಾಕುವಂತಿಲ್ಲ. ಉತ್ಪಾದನೆ ಅಸಾಧಾರಣವಾಗಿ ಜಾಸ್ತಿಯಾದಾಗ ಎಎಸ್ 2 ಹೇಳುವುದು, ಸ್ಟಾಕು ನಿಜವಾದ ವೆಚ್ಚಕ್ಕಿಂತ ಮೇಲೆ ಹೋಗದಂತೆ ಸ್ಥಿರ ಖರ್ಚಿನ ದರವನ್ನು ಇಳಿಸಿ ಎಂದು. ₹3,00,000ವನ್ನು 2,700 ಗಂಟೆಗೆ ಹರಡಿದರೆ ಗಂಟೆಗೆ ಸುಮಾರು ₹111 ಇಳಿಯಬೇಕು. ಗೋಡೌನಿನ ಕಾಫಿಗೆ 540 ಗಂಟೆ ಹೋಗಿದ್ದರೆ ಸ್ಟಾಕಿನಿಂದ ₹60,000 ಕಡಿಮೆ ಮಾಡಿ. ಉಳಿದ ₹2,40,000 ಮಾರಾಟ ಮತ್ತು ಸೇವೆಯ ವೆಚ್ಚದಿಂದ ಇಳಿಯುತ್ತದೆ.

ಮುಂದಿನ ಏಪ್ರಿಲ್‌ನ ದರ

ಕಡಿಮೆ ಹೀರಿಕೆ ಬಂದ ವರ್ಷದ ನಂತರ ಬರುವ ಆಸೆ, ಹೋದ ವರ್ಷದ ₹4 ಲಕ್ಷವನ್ನು ಹೊಸ ದರಕ್ಕೆ ಸೇರಿಸಿ ಕ್ಯೂರಿಂಗ್ ಕೂಲಿ ಏರಿಸುವುದು. ಬೇಡ. ಕೂಲಿ ಏರಿದರೆ ಬೆಳೆಗಾರರು ಪಕ್ಕದ ಘಟಕಕ್ಕೆ ಹೋಗುತ್ತಾರೆ, ಗಂಟೆ ಇನ್ನೂ ಇಳಿಯುತ್ತದೆ, ದರ ಮತ್ತೆ ಏರಿಸಬೇಕಾಗುತ್ತದೆ. ಹೊಸ ದರಕ್ಕೆ ಹೋಗಬೇಕಾದದ್ದು ಮುಂದೆ ಆಗಲಿರುವ ಖರ್ಚು ಮಾತ್ರ. ನಮ್ಮ ಘಟಕದಲ್ಲಿ ಡೀಸೆಲ್ ಪ್ರತಿ ವರ್ಷದ ಮಾತಾದ್ದರಿಂದ ಬದಲಾಗುವ ದರ ₹550 ಮಾಡಬೇಕು. ಈ ವರ್ಷದ 2,000 ಒಳಗೆ ಬಂದರೆ ಗಂಟೆಯ ಸರಾಸರಿಯಿಂದ ಹಳೆಯ 2,500 ಹೊರಗೆ ಹೋಗುತ್ತದೆ. 2,000 ಒಳಗೆ ಬರಬೇಕೋ ಎಂಬುದನ್ನು ಯೋಚಿಸಬೇಕು. ಗೇರ್‌ಬಾಕ್ಸ್ ಒಡೆದ ವರ್ಷವನ್ನು ಸಾಮಾನ್ಯ ವರ್ಷ ಎನ್ನಲಾಗದು. ನಾನಾದರೆ ಅದನ್ನು ಬಿಟ್ಟು 2,400 ಗಂಟೆಯನ್ನೇ ಉಳಿಸಿಕೊಂಡು, ₹1,000ಕ್ಕೆ ₹550 ಸೇರಿಸಿ, ಏಪ್ರಿಲ್ 1ರಿಂದ ಗಂಟೆಗೆ ₹1,550 ದರ ಬರೆಯುತ್ತೇನೆ.